ದಿನಕ್ಕೆ 20 ನಿಮಿಷ: ಗರ್ಭಪಾತದ ನಂತರ ನಾವು ಕಂಡುಕೊಂಡ ಕ್ರಮ

ಗಡಿಯಾರ ನೋಡಿಕೊಂಡು ಗಂಡ ಹೆಂಡತಿ ದುಃಖ ಹೇಳಿಕೊಳ್ಳುವುದು ಎಲ್ಲಾದರೂ ಉಂಟೇ ಎಂದು ಅಕ್ಕ, ಭಾವ ಇಬ್ಬರೂ ಕೇಳಿದ್ದರು. ಈ ಕ್ರಮ ಹಿಡಿದು ಎರಡು ವರ್ಷವಾಗುತ್ತ ಬಂದಿದೆ. ಈಗ ಅದೇ ಅಕ್ಕ, ತನ್ನ ಪರಿಚಯದ ದಂಪತಿಗಳನ್ನು ಶಿಡ್ಲಘಟ್ಟದ ನಮ್ಮ ಮನೆಗೆ ಕಳಿಸುತ್ತಾಳೆ.

ಐವಿಎಫ್‌ನಲ್ಲಿ ನಿಂತ ಗರ್ಭಕ್ಕೆ ಎಂಟೊಂಬತ್ತು ವಾರವಾದಾಗ ಸ್ಕ್ಯಾನಿಂಗ್‌ನಲ್ಲಿ ಹೃದಯ ಬಡಿತ ಕಾಣಲಿಲ್ಲ. ಗರ್ಭಕೋಶ ಸ್ವಚ್ಛ ಮಾಡುವ ಡಿ ಅಂಡ್ ಸಿ ಮಾಡಿಸಬೇಕಾಯಿತು. ಆಮೇಲೆ ನನ್ನ ಹೆಂಡತಿಗೆ ದಿನವಿಡೀ ಅದೇ ಮಾತು ಬೇಕಿತ್ತು, ನನಗೆ ರೇಷ್ಮೆ ಹುಳು ಮನೆಯ ಕೆಲಸ ಬೇಕಿತ್ತು. ನನ್ನ ಮೌನ ಅವಳಿಗೆ ನಿರ್ಲಕ್ಷ್ಯವಾಗಿ ಕಂಡಿತು, ಅವಳ ಮಾತು ನನಗೆ ದೂರಿನಂತೆ ಕೇಳಿಸಿತು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದೆವು. ಒಂದೇ ನೋಟ್‌ಬುಕ್ಕಿನಲ್ಲಿ ಇಬ್ಬರೂ ಬರೆದಿಡುವುದನ್ನೂ ಪ್ರಯತ್ನಿಸಿದೆವು; ಅದು ಒಂದು ತಿಂಗಳೂ ನಡೆಯಲಿಲ್ಲ.

ಕೊನೆಗೆ ನಿಂತದ್ದು ಇದು. ಊಟವಾದ ಮೇಲೆ ಹತ್ತು ನಿಮಿಷ ಒಬ್ಬರು ಮಾತನಾಡಬೇಕು. ಇನ್ನೊಬ್ಬರು ಉತ್ತರ, ಸಲಹೆ, ‘ಮುಂದಿನ ಸಲ ಆಗುತ್ತೆ ಬಿಡು’ ಎನ್ನುವ ಸಮಾಧಾನ ಯಾವುದನ್ನೂ ಹೇಳದೆ ಕೇಳಬೇಕು. ನಂತರದ ಹತ್ತು ನಿಮಿಷ ಇನ್ನೊಬ್ಬರದು. ಗಂಟೆ ಬಾರಿಸಿದರೆ ಮಾತು ನಾಳೆಗೆ. ಮೊದಲ ವಾರ ಬರೀ ಮೌನದಲ್ಲೇ ಕಳೆಯಿತು, ಅದನ್ನೂ ಲೆಕ್ಕಕ್ಕೆ ಹಿಡಿದೆವು.

ಮೂರನೆಯ ವಾರದ ಹೊತ್ತಿಗೆ ಅವಳು, ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಿದ್ದರಿಂದಲೇ ಹೀಗಾಯಿತು ಎಂದು ಅಷ್ಟು ದಿನವೂ ನಂಬಿಕೊಂಡಿದ್ದುದನ್ನು ಹೇಳಿದಳು. ಉತ್ತರ ಕೊಡುವಂತಿರಲಿಲ್ಲವಾದ್ದರಿಂದ ಸುಮ್ಮನಿದ್ದು, ಆ ವಾರವೇ ಇಬ್ಬರೂ ಡಾಕ್ಟರ ಬಳಿ ಹೋಗಿ ಅದೇ ಪ್ರಶ್ನೆ ಕೇಳಿದೆವು. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಬಹುಪಾಲು ಭ್ರೂಣದ ಕ್ರೋಮೋಸೋಮು ದೋಷದಿಂದಲೇ ಆಗುತ್ತವೆ, ಹೊರೆಯನ್ನು ದೂರಬೇಡಿ ಎಂದು ಅವರು ಅವಳ ಮುಖ ನೋಡಿಯೇ ಹೇಳಿದರು. ನಾನು ನೂರು ಸಲ ಹೇಳಿದ್ದರೂ ಅದು ಅವಳಿಗೆ ನಾಟುತ್ತಿರಲಿಲ್ಲ.

ಹಣದ ಮಾತನ್ನು ಈ 20 ನಿಮಿಷಕ್ಕೆ ತರಕೂಡದು. ಔಷಧಿ ಸೇರಿ ಸುಮಾರು ಎರಡು ಲಕ್ಷ ಖರ್ಚಾಗಿತ್ತು, ಅರ್ಧ ಸಾಲ. ಅದಕ್ಕೆ ಭಾನುವಾರ ಬೆಳಿಗ್ಗೆ ಬೇರೆಯಾಗಿ ಕುಳಿತು, ಶೀತಲೀಕರಿಸಿದ ಭ್ರೂಣ ಇನ್ನು ಎಷ್ಟು ಸಲ ಹಾಕಿಸುವುದು, ಎಲ್ಲಿಗೆ ನಿಲ್ಲಿಸುವುದು ಎಂದು ಮುಂಚೆಯೇ ಬರೆದಿಟ್ಟೆವು.

ಗರ್ಭ ನಿಂತಿದೆಯೇ ಎಂದು ತಿಳಿಸುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯ ಫಲಿತಾಂಶವನ್ನು ನಾನೊಬ್ಬನೇ ತಿಳಿದು ಸಂಜೆ ಹೇಳುವ ಪ್ರಯೋಗವನ್ನೂ ಮಾಡಿದೆವು. ಅವಳು ಇಡೀ ದಿನ ನನ್ನ ಮುಖವನ್ನೇ ಓದುತ್ತಿದ್ದಳು. ಈಗ ಸ್ಪೀಕರ್ ಹಾಕಿ ಇಬ್ಬರೂ ಒಟ್ಟಿಗೇ ಕೇಳುತ್ತೇವೆ. ನನ್ನ ಕಡೆಯ ನೆಂಟರಿಗೆ ನಾನೇ ಉತ್ತರ ಕೊಡುತ್ತೇನೆ, ಅವಳ ಕಡೆಯವರಿಗೆ ಅವಳು. ಸೀಮಂತ, ನಾಮಕರಣಗಳಿಂದ ಬೇಗ ಹೊರಡಲು ನಮ್ಮದೊಂದು ಗುರುತಿನ ಮಾತಿದೆ, ಅದನ್ನು ಇಲ್ಲಿ ಹೇಳಲಾರೆ.

ಈ ಕ್ರಮಕ್ಕೂ ಮಿತಿಯಿದೆ. ಎರಡು ವಾರ ಕಳೆದರೂ ನಿದ್ದೆ, ಊಟ ಸೇರದಿದ್ದರೆ ಅಥವಾ ಬದುಕು ಬೇಡ ಎನ್ನುವ ಮಾತು ಬಂದರೆ ಗಂಟೆ ಬಾರಿಸುವವರೆಗೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.