ರೊಕ್ಕ ಬಂತು, ಪಾರ್ಸೆಲ್ ಎಲ್ಲೈತಿ? ನಡುವ ಸಿಕ್ಕೊಂಡ ಆರ್ಡರ್ ಹಿಡಿಯೂದು - ನನ್ನ ಅನುಭವ

ಹುಬ್ಬಳ್ಳಿಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಖಾರದಪುಡಿ ಆನ್‌ಲೈನ್ ಕಳಸ್ತೀವಿ, ದಿನಕ್ಕ ಮೂವತ್ತು-ನಲವತ್ತು ಆರ್ಡರ್. ನಾ ಬ್ಯಾರೆ ಶೀಟ್ ಮಾಡ್ತೀನಿ ಅಂದಾಗ ಪಾರ್ಟ್ನರ್ "ಕೊರಿಯರ್ ಪ್ಯಾನೆಲ್‌ನ್ಯಾಗ ಎಲ್ಲಾ ಕಾಣ್ತೈತಲ್ಲೋ ಮಾರಾಯಾ" ಅಂದಿದ್ರು. ಈಗ ದಿನಾ ಮುಂಜಾನೆ ಮೊದಲ ಆ ಶೀಟ್ ತಗಿಯೋರು ಅವ್ರ.

ಮೊದಲ ಯಾವ ಸ್ಟೇಟಸ್‌ನ್ಯಾಗ ಎಷ್ಟು ಅದಾವು ಅಂತ ಎಣಸ್ತಿದ್ವಿ, ಅದರಿಂದ ಏನೂ ಸಿಗ್ಲಿಲ್ರೀ, ಯಾಕಂದ್ರ ಇವತ್ತಿನ ಮೂವತ್ತರೊಳಗ ಹೋದ ವಾರದ ಎರಡು ಮುಚ್ಚಿ ಹೋಗ್ತಾವು. ಅದಕ್ಕ ಸ್ಟೇಟಸ್ ಬಿಟ್ಟು, ಆರ್ಡರ್ ಆ ಹಂತಕ್ಕ ಬಂದ ಟೈಮ್ ಬರ್ಕೊಳ್ಳಾಕ ಹತ್ತಿದೆ: ರೊಕ್ಕ ಬಂದದ್ದು, ಪ್ಯಾಕ್ ಆದದ್ದು, ಲೇಬಲ್ ತಗದದ್ದು, ಕೊರಿಯರ್‌ನ ಮೊದಲ ಸ್ಕ್ಯಾನ್, ಡೆಲಿವರಿ. ಲೇಬಲ್ D ಕಾಲಂ, ಮೊದಲ ಸ್ಕ್ಯಾನ್ E.

```
=IF(AND(D2<>"",E2=""),(NOW()-D2)*24,"")
```

ಲೇಬಲ್ ಆಗಿ ಎಷ್ಟು ತಾಸಾತು, ಇನ್ನೂ ಸ್ಕ್ಯಾನ್ ಇಲ್ಲ ಅಂತ ಇದು ಹೇಳ್ತೈತಿ. ನಮ್ಮ ಕಡೆ ಲೇಬಲ್ ತಗದ ಕೂಡ್ಲೆ ಗಿರಾಕಿಗೆ "ಶಿಪ್ ಆತು" ಅಂತ ಮೆಸೇಜ್ ಹೋಗ್ತಿತ್ತು, ಪಾರ್ಸೆಲ್ ಮಾತ್ರ ನಮ್ಮ ಗೋಡೌನ್‌ನ್ಯಾಗ ಕುಂತಿರ್ತಿತ್ತು. ಎಷ್ಟು ತಾಸಿಗೆ ಕೆಂಪು ಹಚ್ಚಬೇಕು? ಡೆಲಿವರಿ ಆದ ಹಳೇ ಆರ್ಡರ್ ತಗೊಂಡು, ಹತ್ತರಾಗ ಒಂಬತ್ತು ಎಷ್ಟು ತಾಸಿನ್ಯಾಗ ಈ ಹಂತ ದಾಟ್ಯಾವು ನೋಡ್ದೆ, ನಮಗ ಸುಮಾರು 28 ಬಂತು. ರವಿವಾರ ಪಿಕಪ್ ಇಲ್ಲ, ಹಂಗಾಗಿ ಶನಿವಾರ ಸಂಜಿ ಲೇಬಲ್‌ಗೆ ಇನ್ನೊಂದ 24 ಕೂಡಸ್ತೀನಿ, ಇಲ್ಲಂದ್ರ ಸೋಮವಾರ ಪೂರಾ ಶೀಟ್ ಕೆಂಪು.

ಒಂದ್ಸಲ ಬೆಳಗಾವಿಯ ಒಂದು ಆರ್ಡರ್ 40 ತಾಸು ದಾಟಿತ್ತು. ಪಿಕಪ್ ಹುಡುಗ ಚೀಲ ಒಯ್ದಿದ್ದ, ಮ್ಯಾನಿಫೆಸ್ಟ್‌ಗೆ ಸಹಿನೂ ಇತ್ತು. ಅದ ಚೀಲದ ಉಳಿದ ಪಾರ್ಸೆಲ್ ಎಲ್ಲಾ ಸ್ಕ್ಯಾನ್ ಆಗಿದ್ವು, ಇದೊಂದ ಇಲ್ಲ, ಅಂದ್ರ ಹಬ್‌ನ್ಯಾಗ ಲೇಬಲ್ ಕಿತ್ತೈತಿ ಅಂತ ಗೊತ್ತಾತು. ಡಬ್ಬಿ ಫೋಟೋ, ತೂಕ ಕಳಿಸಿ ಅವತ್ತ ಹುಡುಕಿಸಿದೆ. ಮೊದಲಾದ್ರ ಹತ್ತು ದಿನಕ್ಕ ಗಿರಾಕಿ ಬೈದ ಮ್ಯಾಲೆ ತಿಳೀತಿತ್ತು, ಎರಡನೇ ಸಲ ಮಾಲು ಕಳಿಸಿ ತಿಂಗಳಿಗೆ ಏಳೆಂಟು ಸಾವಿರ ಹೋಗ್ತಿತ್ತು. ಈಗ ಸಾವಿರದ ಆಸುಪಾಸು. ಕೊರಿಯರ್‌ನವರ ಕಡೆ ಯಾರಿಗೆ, ಯಾವ ಟೈಮಿಗೆ ಫೋನ್ ಹಚ್ಚಬೇಕು ಅನ್ನೂದು ಮಾತ್ರ ನನ್ನ ಹತ್ರ ಇರ್ಲಿ.

ನಡುವ ಪ್ರತಿ ಹಂತಕ್ಕೂ ಗಿರಾಕಿಗೆ ವಾಟ್ಸಾಪ್ ಕಳಿಸಿ ನೋಡ್ದೆ, ಫೋನ್ ಇನ್ನೂ ಹೆಚ್ಚಾದ್ವು, ಬಿಟ್ಟೆ.

ಶೀಟ್‌ನ್ಯಾಗ ಬರದ ಇರೋವೂ ಅದಾವು. ಯುಪಿಐದಾಗ ರೊಕ್ಕ ಹಾಕಿ, ನಮ್ಮ ಪೇಜಿಗೆ ವಾಪಸ್ ಬರದ ಟ್ಯಾಬ್ ಮುಚ್ಚಿದ್ರ, ರೊಕ್ಕ ಬಂತು ಅಂತ ಪೇಮೆಂಟ್ ಗೇಟ್‌ವೇ ನಮ್ಮ ಸೈಟಿಗೆ ತಾನ ಕಳಸೂ ವೆಬ್‌ಹುಕ್ ಸುದ್ದಿ ಬರೂದೂ ತಪ್ಪಿದ್ರ, ಆರ್ಡರ್ Pending payment ಅಂತನ ಉಳೀತೈತಿ. ನಮ್ಮ ಸೈಟಿನ ಆರ್ಡರ್ ನಡಸೂ ವೂಕಾಮರ್ಸ್‌ನ್ಯಾಗ Hold stock ಸೆಟ್ಟಿಂಗ್ 60 ನಿಮಿಷ ಇದ್ರ, ಆಮ್ಯಾಲೆ ಅದ Cancelled ಆಗ್ತೈತಿ, ರೊಕ್ಕ ನಮ್ಮ ಕಡೆ, ಆರ್ಡರ್ ಇಲ್ಲ. ಇದಕ್ಕ ತಾಸಿನ ಲೆಕ್ಕ ನಡಿಯೂದಿಲ್ಲ. ದಿನಾ ರಾತ್ರಿ ಗೇಟ್‌ವೇ ರಿಪೋರ್ಟ್ ಇಳಿಸಿ, ಅದರ ಆರ್ಡರ್ ನಂಬರ್ ಒಂದೊಂದೂ ನಮ್ಮ ರೊಕ್ಕ ಬಂದ ಪಟ್ಟಿಯೊಳಗ ಐತೋ ಇಲ್ಲೋ ಹೊಂದಿಸಿ ನೋಡ್ತೀನಿ. ವಾರಕ್ಕ ಒಂದೆರಡು ಸಿಗ್ತಾವು, ಸ್ಟಾಕ್ ಇದ್ರ ಅವತ್ತ ಪ್ಯಾಕ್, ಇಲ್ಲಂದ್ರ ಅವ್ರು ಕೇಳೂದ್ರೊಳಗ ರೀಫಂಡ್.