ಬ್ಯಾಂಕ್ ಇನ್ನೂ ಬಿಡುಗಡೆ ಮಾಡಬೇಕಾದ ಸಾಲ ಒಂದೂವರೆ ಲಕ್ಷ ಕಡಿಮೆ ಯಾಕೆ ಬಂತು?

ಪುಣೆಯ ವಾಕಡ್‌ನಲ್ಲಿ ನಮ್ಮ ಫ್ಲ್ಯಾಟ್ ಕಟ್ಟುತ್ತಿದ್ದಾರೆ. ಅಗ್ರಿಮೆಂಟ್ ಬೆಲೆ 60 ಲಕ್ಷ, ಮಂಜೂರಾದ ಸಾಲ 48 ಲಕ್ಷ. ನಮ್ಮ ಪಾಲಿನ 12 ಲಕ್ಷ ಮೊದಲೇ ಕಟ್ಟಿದ್ದೆವು.

ಸ್ಲ್ಯಾಬ್‌ಗಳೆಲ್ಲ ಮುಗಿದು 70% ಹಂತಕ್ಕೆ ಬಿಲ್ಡರ್ ಡಿಮ್ಯಾಂಡ್ ಲೆಟರ್ ಕಳಿಸಿ ಕೇಳಿದ ಹಣವೂ ಹೋಯಿತು. ಒಂದು ಸಂಜೆ ನಾನೂ ನನ್ನ ಹೆಂಡತಿಯೂ ಕೂತು ಲೆಕ್ಕ ಹಾಕಿದೆವು. ಬಿಲ್ಡರ್‌ಗೆ ಇನ್ನು ಕೊಡಬೇಕಾದದ್ದು 30%, ಅಂದರೆ 18 ಲಕ್ಷ. ಬ್ಯಾಂಕಿನಲ್ಲೂ ಅಷ್ಟೇ ಉಳಿದಿರಬೇಕು ಅಲ್ವಾ? ಸ್ಟೇಟ್‌ಮೆಂಟ್‌ನಲ್ಲಿ ಇದ್ದದ್ದು 16.5 ಲಕ್ಷ.

ಹಳೆಯ ಲೆಟರ್‌ಗಳನ್ನು ಒಂದೊಂದಾಗಿ ತೆಗೆದೆ. ಒಂದು ಸ್ಲ್ಯಾಬ್‌ಗೆ 2.5%, ಅಂದರೆ 1,50,000. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 5% ಜಿಎಸ್‌ಟಿ 7,500. ಬ್ಯಾಂಕ್ ಪ್ರತಿ ಸಲ ಒಟ್ಟು 1,57,500 ಬಿಡುಗಡೆ ಮಾಡಿತ್ತು. ನಮ್ಮ ಮಂಜೂರಾತಿ ಪತ್ರದಲ್ಲಿ ಸಾಲ ಲೆಕ್ಕ ಹಾಕಿದ್ದು ಜಿಎಸ್‌ಟಿ ಬಿಟ್ಟ ಬೆಲೆಯ ಮೇಲೆ. ಹೀಗೆ ಬಿಡುಗಡೆಯಾದ 31.5 ಲಕ್ಷದಲ್ಲಿ 1.5 ಲಕ್ಷ ತೆರಿಗೆಗೇ ಹೋಗಿತ್ತು. ಸುಮ್ನೆ ಬಿಟ್ಟಿದ್ದರೆ ಕೀಲಿ ಕೈಗೆ ಬರುವ ಹೊತ್ತಿಗೆ ಈ ಕೊರತೆ 2.4 ಲಕ್ಷ ಆಗುತ್ತಿತ್ತು.

ರಸೀದಿಗಳನ್ನು ಜೋಡಿಸಿ ಬ್ಯಾಂಕಿಗೆ ಹೋದೆ. ಮುಂದೆ ಜಿಎಸ್‌ಟಿ ಬಿಟ್ಟು, ಹಂತದ ಮೊತ್ತ ಮಾತ್ರ ಬಿಡುಗಡೆ ಮಾಡಿ ಎಂದು ಬರೆದುಕೊಟ್ಟೆ. 75% ಹಂತಕ್ಕೆ ಬಿಲ್ಡರ್ 3 ಲಕ್ಷ ಕೇಳಿದಾಗ ಕೊರತೆಯ 1.5 ಲಕ್ಷವನ್ನೂ ಜಿಎಸ್‌ಟಿ 15,000ವನ್ನೂ ನಾವೇ ಕಟ್ಟಿದೆವು. ಉಳಿದ 1.5 ಲಕ್ಷ ಬ್ಯಾಂಕ್ ಕೊಟ್ಟಿತು. ಈಗ ಎರಡೂ ಕಡೆ ಸರಿಯಾಗಿ 15 ಲಕ್ಷ ಉಳಿದಿದೆ.