ಎರಡು ಲೀಟರ್ ಸಲೈನ್ ಹೋದರೂ ಬಿಪಿ ಏರದಿದ್ದರೆ

ಮಳೆಗಾಲದಲ್ಲಿ ನಮ್ಮ ಕಡೆ ವಾಂತಿ, ಸುಸ್ತು ಅಂತ ಬಂದವರಿಗೆ ಕ್ಯಾಶುವಾಲ್ಟಿಯಲ್ಲಿ ಮೊದಲು ಏರುವುದು ಸಲೈನ್ ಬಾಟಲಿ. ಅದು ತಪ್ಪಲ್ಲ, ಹೆಚ್ಚಿನವರು ಅಷ್ಟರಲ್ಲೇ ಎದ್ದು ಕೂರುತ್ತಾರೆ. ಏಳದವರ ವಿಷಯದಲ್ಲಿ ಹೌಸ್ ಸರ್ಜನ್‌ಗಳು ಎಡವುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊದಲು ಎಡವಿದವನು ನಾನೇ.

ಒಂದು ಜುಲೈ ಸಂಜೆ ಹೊಸನಗರ ಕಡೆಯಿಂದ 44 ವರ್ಷದ ಹೆಂಗಸನ್ನು ಕರೆತಂದರು. ಎರಡು ದಿನದಿಂದ ವಾಂತಿ, ಹೊಟ್ಟೆನೋವು, ಮಂಪರು. ಬಿಪಿ 80/50, ನಾಡಿ 112. ಹೊಟ್ಟೆ ಕೆಟ್ಟಿದೆ ಅಂತ ಚೀಟಿಯಲ್ಲಿ ಬರೆದಾಗಿತ್ತು. ಎರಡು ಲೀಟರ್ ನಾರ್ಮಲ್ ಸಲೈನ್ ಹೋದ ಮೇಲೆ ಬಿಪಿ 84/50. ಶುಗರ್ 54, ಸೋಡಿಯಂ 118, ಪೊಟ್ಯಾಸಿಯಂ 4.2. ಬೆರಳಿನ ಶುಗರ್ ನೋಡಿದ ಕೂಡಲೇ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಎಂಎಲ್ ಕೊಟ್ಟೆವು. ಇಷ್ಟಕ್ಕೆ ಯಾರೂ ಎಡವುವುದಿಲ್ಲ.

ಮೊದಲ ಹೆಜ್ಜೆ: ಅನುಮಾನ ಬರಬೇಕು

ಬಿಪಿ ಸಲೈನ್‌ಗೆ ಬಗ್ಗುತ್ತಿಲ್ಲ, ಶುಗರ್ ಮತ್ತು ಸೋಡಿಯಂ ಎರಡೂ ಕಡಿಮೆ. ಈ ಮೂರೂ ಒಟ್ಟಿಗೆ ಕಂಡರೆ ಅಡ್ರಿನಲ್ ನೆನಪಾಗಬೇಕು. ಕಿಡ್ನಿಯ ಮೇಲೆ ಕೂತಿರುವ ಆ ಗ್ರಂಥಿಯ ಕಾರ್ಟಿಸಾಲ್ ಇಲ್ಲದಿದ್ದರೆ ರಕ್ತನಾಳಗಳು ಬಿಗಿ ಹಿಡಿಯುವುದಿಲ್ಲ. ನೀರು ಎಷ್ಟು ತುಂಬಿಸಿದರೂ ಬಿಪಿ ನಿಲ್ಲುವುದಿಲ್ಲ.

ಇಲ್ಲಿ ಪೊಟ್ಯಾಸಿಯಂ ದಾರಿ ತಪ್ಪಿಸುತ್ತದೆ. "ಸರ್, ಪೊಟ್ಯಾಸಿಯಂ ನಾರ್ಮಲ್ ಇದೆ, ಮೈ ಕಪ್ಪಾಗಿಲ್ಲ, ಅಡ್ರಿನಲ್ ಅಲ್ಲ" ಎಂದ ನಮ್ಮ ಹೌಸ್ ಸರ್ಜನ್. ಪೊಟ್ಯಾಸಿಯಂ ಏರುವುದು, ಅಂಗೈ ಗೆರೆ, ಒಸಡು ಕಪ್ಪಾಗುವುದು ಗ್ರಂಥಿಯೇ ಹಾಳಾದಾಗ. ತಲೆಯೊಳಗಿನ ಪಿಟ್ಯುಟರಿ ಕೈಕೊಟ್ಟರೆ ಎರಡೂ ಇರುವುದಿಲ್ಲ. ಆಗ ಮೈ ಬಿಳಚಿಕೊಂಡಿರುತ್ತದೆ.

ಆದ್ದರಿಂದ ಲ್ಯಾಬ್ ರಿಪೋರ್ಟ್ ಕೆಳಗಿಟ್ಟು ಮನೆಯವರನ್ನು ಕೇಳಿ. ಮಂಡಿನೋವಿಗೋ ದಮ್ಮಿಗೋ ತಿಂಗಳುಗಟ್ಟಲೆ ಗುಳಿಗೆ ನುಂಗಿ, ಈಗ ನಿಲ್ಲಿಸಿದ್ದಾರಾ? ಹೆಸರೇ ಗೊತ್ತಿಲ್ಲದ ಗುಳಿಗೆ ಎಂದರೆ ಸ್ಟೀರಾಯ್ಡ್ ಇರಬಹುದು ಅಂತಲೇ ಹೊರಡಿ. ಹಿಂದೆ ಕೊಳಕುಮಂಡಲ ಕಚ್ಚಿತ್ತಾ ಅಂತಲೂ ಮಲೆನಾಡಿನಲ್ಲಿ ಕೇಳಲೇಬೇಕು. ಅದರ ವಿಷ ಪಿಟ್ಯುಟರಿಯನ್ನು ಸಾಯಿಸಬಲ್ಲದು. ತೊಂದರೆ ವರ್ಷಗಳ ನಂತರ ಹೊರಬೀಳುವುದೂ ಉಂಟು. ಹೆಂಗಸರಾದರೆ ಹೆರಿಗೆಯ ಕಥೆ ಕೇಳಿ.

ನಾನು ರೋಗಿಯ ತಾಯಿಯನ್ನು ಕೇಳಿದೆ. "ಕಡೇ ಹೆರಿಗೇಲಿ ರಕ್ತ ತುಂಬಾ ಹೋಗಿತ್ತು ಡಾಕ್ಟ್ರೇ. ಆ ಮಗೀಗೆ ಎದೆಹಾಲೇ ಬರ್ಲಿಲ್ಲ, ಡಬ್ಬದ ಹಾಲಲ್ಲೇ ಬೆಳೀತು. ಆಮೇಲೆ ಇವ್ಳು ಮುಟ್ಟೂ ಆಗ್ಲಿಲ್ಲ" ಎಂದರು ಅಜ್ಜಿ. ಶೀಹಾನ್ ಸಿಂಡ್ರೋಮ್. ಹೆರಿಗೆಯ ರಕ್ತಸ್ರಾವದಲ್ಲಿ ಪಿಟ್ಯುಟರಿ ಸತ್ತಿತ್ತು. ಆ ಮಗುವಿಗೆ ಈಗ ಹದಿನಾಲ್ಕು ವರ್ಷ.

ಇಷ್ಟು ವರ್ಷ ಹೇಗೋ ತಳ್ಳಿದವರಿಗೆ ಈಗೇನಾಯಿತು? ಕೈಚೀಲದಲ್ಲಿ ಉತ್ತರವಿತ್ತು. ಮೂರು ವಾರದ ಹಿಂದೆ ಯಾರೋ ಥೈರಾಕ್ಸಿನ್ ಶುರು ಮಾಡಿದ್ದರು. ರಿಪೋರ್ಟ್‌ನಲ್ಲಿ ಟಿ4 ಕಡಿಮೆ, ಟಿಎಸ್‌ಎಚ್ ಮಾತ್ರ ನಾರ್ಮಲ್. ಟಿ4 ಅಷ್ಟು ಇಳಿದಾಗ ಟಿಎಸ್‌ಎಚ್ ಏರಬೇಕಿತ್ತು. ಏರಿಲ್ಲ ಎಂದರೆ ಕೆಟ್ಟಿರುವುದು ಪಿಟ್ಯುಟರಿ. ಥೈರಾಕ್ಸಿನ್ ಕೊಟ್ಟರೆ ದೇಹ ಕಾರ್ಟಿಸಾಲನ್ನು ಬೇಗ ಖಾಲಿ ಮಾಡುತ್ತದೆ. ಇದ್ದ ಚೂರುಪಾರೂ ಹೋಯಿತು. ಇಂಥವರಿಗೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಇದರಲ್ಲಿ ಚೌಕಾಸಿ ಬೇಡ.

ಎರಡನೇ ಹೆಜ್ಜೆ: ಇಂಜೆಕ್ಷನ್

ಕಾರ್ಟಿಸಾಲ್‌ಗೆಂದು ಒಂದು ಟ್ಯೂಬ್ ರಕ್ತ ತೆಗೆದಿಡಿ. ರಿಪೋರ್ಟ್‌ಗೆ ಕಾಯಬೇಡಿ. ನಮಗೆ ಅದು ಸಿಕ್ಕಿದ್ದು ಎರಡು ದಿನದ ನಂತರ. ರಕ್ತ ತೆಗೆಯಲು ತಡವಾದರೆ ಅದನ್ನೂ ಬಿಡಿ. ರೋಗ ಇಲ್ಲದವರಿಗೆ ಒಂದು ಡೋಸ್ ಹೋದರೆ ದೊಡ್ಡ ನಷ್ಟವಿಲ್ಲ, ಇದ್ದವರಿಗೆ ಹೋಗದಿದ್ದರೆ ಜೀವ ಹೋಗುತ್ತದೆ.

ಹೈಡ್ರೊಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ 100 ಮಿಲಿಗ್ರಾಂ. ವಯಲ್‌ನಲ್ಲಿ ಬಿಳಿ ಪುಡಿ ಇರುತ್ತದೆ. 2 ಎಂಎಲ್ ಸ್ಟೆರೈಲ್ ವಾಟರ್ ಹಾಕಿ ಮೆಲ್ಲಗೆ ತಿರುಗಿಸಿ. ತಿಳಿಯಾದ ಮೇಲೆ ಒಂದೆರಡು ನಿಮಿಷದಲ್ಲಿ ನಿಧಾನವಾಗಿ ನರಕ್ಕೆ ಕೊಡಿ. ನರ ಸಿಗದಿದ್ದರೆ ಹುಡುಕುತ್ತಾ ಹತ್ತು ನಿಮಿಷ ಕಳೆಯಬೇಡಿ, ತೊಡೆಯ ಸ್ನಾಯುವಿಗೆ ಚುಚ್ಚಿ.

ಲೇಬಲ್ ಓದಿ. ಹೈಡ್ರೊಕಾರ್ಟಿಸೋನ್ ಅಸಿಟೇಟ್ ಅಂತ ಇನ್ನೊಂದು ಬರುತ್ತದೆ, ಹಾಲಿನಂತೆ ಬೆಳ್ಳಗೆ. ಅದು ಕೀಲಿಗೆ ಚುಚ್ಚುವಂಥದ್ದು, ನರಕ್ಕೆ ಹೋಗಕೂಡದು. ಎರಡನ್ನೂ ಒಂದೇ ಟ್ರೇಯಲ್ಲಿಡುವ ವಾರ್ಡ್ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹೈಡ್ರೊಕಾರ್ಟಿಸೋನ್ ಇಲ್ಲವೇ ಇಲ್ಲ ಎಂದಾಗ ಡೆಕ್ಸಮೆಥಸೋನ್ 4 ಮಿಲಿಗ್ರಾಂ ಕೊಟ್ಟು ಮುಂದಕ್ಕೆ ಕಳಿಸಿ. ಆದರೆ ಅದಕ್ಕೆ ಉಪ್ಪು ಹಿಡಿದಿಡುವ ಗುಣವಿಲ್ಲ. ಕೈಗೆ ಸುಲಭವಾಗಿ ಸಿಗುತ್ತದೆ ಅಂತ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ.

ಮೂರನೇ ಹೆಜ್ಜೆ: ಸಲೈನ್

ಮೊದಲ ಗಂಟೆಯಲ್ಲಿ 1 ಲೀಟರ್ ನಾರ್ಮಲ್ ಸಲೈನ್, ಆಮೇಲೆ ಬಿಪಿ, ಮೂತ್ರ ನೋಡಿಕೊಂಡು. ಹೃದಯ, ಕಿಡ್ನಿ ಸರಿಯಿಲ್ಲದವರಿಗೆ, ವಯಸ್ಸಾದವರಿಗೆ ಕಡಿಮೆ, ಅದೂ ಎದೆಗೆ ಸ್ಟೆತ್ ಇಟ್ಟು ನೋಡುತ್ತಾ. ಇವರಿಗೆ ಆಗಲೇ ಎರಡು ಲೀಟರ್ ಹೋಗಿದ್ದರಿಂದ ನಿಧಾನ ಮಾಡಿದೆವು. ಐದೂವರೆಗೆ ಇಂಜೆಕ್ಷನ್ ಕೊಟ್ಟೆವು, ಏಳು ಗಂಟೆಗೆ ಬಿಪಿ 104/66. ಕಣ್ಣು ಬಿಟ್ಟು ಕಾಫಿ ಕೇಳಿದರು.

ನಾಲ್ಕನೇ ಹೆಜ್ಜೆ: ಆ ರಾತ್ರಿ

ಎಲ್ಲರೂ ಊಟಕ್ಕೆ ಹೋಗುವುದು ಇದೇ ಹೊತ್ತಿಗೆ. ಹೈಡ್ರೊಕಾರ್ಟಿಸೋನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ಗಂಟೆ ಸಾಕು. ಮೊದಲ ಡೋಸ್ ಕೊಟ್ಟು ಮರೆತರೆ ಬೆಳಗಿನ ಜಾವ ಬಿಪಿ ಮತ್ತೆ ಬೀಳುತ್ತದೆ. ಆರು ಗಂಟೆಗೊಮ್ಮೆ 50 ಮಿಲಿಗ್ರಾಂ ಬೇಕು, ಇಲ್ಲವೇ ಪಂಪ್‌ನಲ್ಲಿ 24 ಗಂಟೆಗೆ 200. ನನಗೆ ಪಂಪೇ ಇಷ್ಟ. 200 ಮಿಲಿಗ್ರಾಂ ಔಷಧಿಯನ್ನು ಸಲೈನ್ ಸೇರಿಸಿ 48 ಎಂಎಲ್ ಮಾಡಿ, ಗಂಟೆಗೆ 2 ಎಂಎಲ್ ಬಿಟ್ಟರಾಯಿತು. ರಾತ್ರಿ ಡೋಸ್ ತಪ್ಪುವ ಮಾತೇ ಇಲ್ಲ.

ಇನ್ನೊಂದು ಅಪಾಯ ಸೋಡಿಯಂನದು. ಕಾರ್ಟಿಸಾಲ್ ಇಲ್ಲದಾಗ ಎಡಿಎಚ್ ಏರಿ ದೇಹ ನೀರನ್ನು ಹಿಡಿದಿಟ್ಟಿರುತ್ತದೆ. ಸ್ಟೀರಾಯ್ಡ್ ಹೋದ ಕೂಡಲೇ ತೂಬು ತೆಗೆದ ಹಾಗೆ ನೀರು ಹೊರಡುತ್ತದೆ, ಸೋಡಿಯಂ ಸರಸರ ಏರುತ್ತದೆ. ಜಾಸ್ತಿ ಬೇಗ ಏರಿದರೆ ಮಿದುಳಿನ ನರತಂತುಗಳ ಹೊದಿಕೆಗೆ ಪೆಟ್ಟು. ಕೆಲವು ದಿನ ಬಿಟ್ಟು ಮಾತು ತೊದಲುತ್ತದೆ, ಕೈಕಾಲು ಸೋಲುತ್ತದೆ. ನಾನು 24 ಗಂಟೆಗೆ 8 ದಾಟಲು ಬಿಡುವುದಿಲ್ಲ.

ಹತ್ತು ಗಂಟೆ ಹೊತ್ತಿಗೆ ಮೂತ್ರದ ಚೀಲ ನೀರಿನಷ್ಟೇ ತಿಳಿಯಾಗಿ ತುಂಬುತ್ತಿತ್ತು, ಗಂಟೆಗೆ 350 ಎಂಎಲ್. ಚೀಲ ನೋಡಿ "ಕಿಡ್ನಿ ಚೆನ್ನಾಗಿದೆ" ಅಂತ ಖುಷಿಪಡುವವರಿದ್ದಾರೆ. ಹಾಗೆ ಕಂಡಾಗ ಸೋಡಿಯಂ ಕಳಿಸಿ. ನಮಗೆ 124 ಬಂತು, ಆಗಲೇ 6 ಏರಿತ್ತು. ಬಿಪಿ ನಿಂತಿದ್ದರಿಂದ ಸಲೈನ್ ನಿಲ್ಲಿಸಿ, ಸೀನಿಯರ್‌ಗೆ ಫೋನ್ ಮಾಡಿ, 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಶುರು ಮಾಡಿದೆವು. ಎರಡು ಗಂಟೆಗೊಮ್ಮೆ ಸೋಡಿಯಂ ನೋಡಿದೆವು. ಸ್ಟೀರಾಯ್ಡ್ ಮಾತ್ರ ನಿಲ್ಲಿಸಲಿಲ್ಲ. ಮರುದಿನ ಸಂಜೆ 126.

ಊಟ ಸೇರತೊಡಗಿದ ಮೇಲೆ ಗುಳಿಗೆಗೆ ಬದಲಾಯಿಸಿದೆವು. ಥೈರಾಕ್ಸಿನ್ ಕೆಲವು ದಿನ ಬಿಟ್ಟು ಮತ್ತೆ ಶುರು. ಜ್ವರ ಬಂದರೆ ಗುಳಿಗೆ ಎರಡರಷ್ಟು, ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ತೊಡೆಗೆ 100 ಮಿಲಿಗ್ರಾಂ ಚುಚ್ಚಿ ಆಸ್ಪತ್ರೆಗೆ ಹೊರಡಬೇಕು ಅಂತ ಕಾರ್ಡ್‌ನಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆವು. ಅವರ ಮನೆಯಿಂದ ಟಾರ್ ರಸ್ತೆಗೆ ಬರಲಿಕ್ಕೇ ಮಳೆಗಾಲದಲ್ಲಿ ಒಂದು ಗಂಟೆ ಬೇಕು. ಡಿಸ್ಚಾರ್ಜ್ ದಿನ ಸಿಸ್ಟರ್ ಒಂದು ಮೂಸಂಬಿ ತಂದುಕೊಟ್ಟರು. ದೊಡ್ಡ ಮಗಳು ಅದಕ್ಕೆ ಬರೀ ನೀರನ್ನು ಐದು ಸಲ ಚುಚ್ಚಿ ಕಲಿತಳು.